ಗೌರಿ ಹಬ್ಬದ ಸೀರೆ ತಡವಾದರೆ ಗಿರಾಕಿಗೆ ಏನೆಂದು ಬರೆಯಬೇಕು?

ಕಾಸರಗೋಡಿನಲ್ಲಿ ಕೂತು ಕೈಮಗ್ಗದ ಸೀರೆ ಮಾರುವವರಿಗೆ ಭಾದ್ರಪದ ಸ್ವಲ್ಪ ಕಷ್ಟದ ತಿಂಗಳು. ಊರಿನಲ್ಲಿ ಓಣಂ ಆರ್ಡರು, ಘಟ್ಟದ ಮೇಲಿನಿಂದ ಗೌರಿ ಹಬ್ಬದ ಆರ್ಡರು. ಎರಡೂ ಎಷ್ಟೋ ವರ್ಷ ಹತ್ತಿರ ಹತ್ತಿರವೇ ಬರುತ್ತವೆ. 2024ರಲ್ಲಿ ಗೌರಿ ಸೆಪ್ಟೆಂಬರ್ 6ಕ್ಕೆ ಬಂದಿತ್ತು, ತಿರುವೋಣಂ 15ಕ್ಕೆ. ಆರ್ಡರು ಜಾಸ್ತಿಯಾಯಿತೆಂದು ಮಗ್ಗಗಳು ಜಾಸ್ತಿಯಾಗುವುದಿಲ್ಲವಲ್ಲ. ಅದರ ಮೇಲೆ ಮಳೆ ಬೇರೆ. ಹಾಸಿನ ನೂಲಿಗೆ ಗಂಜಿ ಹಾಕಿ ಒಣಗಿಸಬೇಕು. ಬಿಸಿಲಿಲ್ಲದಿದ್ದರೆ ಅದು ಒಣಗುವುದಿಲ್ಲ, ಒಣಗದೆ ಮಗ್ಗಕ್ಕೆ ಏರುವುದಿಲ್ಲ. ಹಾಗಾಗಿ ಹಬ್ಬಕ್ಕೆಂದು ಹೇಳಿಸಿಕೊಂಡ ಸೀರೆ ಹಬ್ಬ ಕಳೆದ ಮೇಲೆ ತಲುಪುವುದು ಇಲ್ಲಿ ಹೊಸ ವಿಷಯವೇನಲ್ಲ.

ಆಗ ಗಿರಾಕಿಗೆ ಏನೆಂದು ಬರೆಯುವುದು? ಹೆಚ್ಚಿನವರು ‘ಸ್ವಲ್ಪ ಲೇಟಾಗಬಹುದು ಸರ್, ಅಡ್ಜಸ್ಟ್ ಮಾಡಿಕೊಳ್ಳಿ’ ಎಂದು ಬರೆದು ಸುಮ್ಮನಾಗುತ್ತಾರೆ. ಜಗಳ ಶುರುವಾಗುವುದೇ ಅಲ್ಲಿಂದ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಮೈಸೂರಿನ ಒಬ್ಬರು ಹಾಸನದಲ್ಲಿರುವ ತಂಗಿಗೆ ಗೌರಿ ಹಬ್ಬದ ಉಡುಗೊರೆಯಾಗಿ ಒಂದು ಹಸಿರು ಸೀರೆ ಹೇಳಿದ್ದಾರೆ. ಸೀರೆಗೆ 2,400 ರೂಪಾಯಿ, ಕಳಿಸುವ ಖರ್ಚು 120. ಸೀರೆ ನೇರವಾಗಿ ತಂಗಿಯ ಮನೆಗೆ ಹೋಗಬೇಕು. 2024ರ ಪಂಚಾಂಗವನ್ನೇ ಹಿಡಿಯೋಣ. ಗೌರಿ ಸೆಪ್ಟೆಂಬರ್ 6, ಶುಕ್ರವಾರ. ‘4ನೇ ತಾರೀಕು ಬುಧವಾರದೊಳಗೆ ತಲುಪುತ್ತದೆ’ ಎಂದು ನೀವು ಮಾತು ಕೊಟ್ಟಿದ್ದೀರಿ. ಸೋಮವಾರ ಬೆಳಗ್ಗೆ ನೇಕಾರರು ಫೋನ್ ಮಾಡಿ, ಸೀರೆ ಮಗ್ಗದಿಂದ ಇಳಿಯುವುದು ಗುರುವಾರ ಸಂಜೆ ಎನ್ನುತ್ತಾರೆ.

<b>ಮೊದಲು ದಿನ ಎಣಿಸಿ</b>

ಮೆಸೇಜ್ ಬರೆಯುವ ಮೊದಲು ಕ್ಯಾಲೆಂಡರ್ ತೆಗೆಯಿರಿ. ಗುರುವಾರ ಸಂಜೆ ಸೀರೆ ಕೈಗೆ ಬಂದರೆ ಶುಕ್ರವಾರ ಅಂಚೆಗೆ ಹಾಕಬಹುದು. ಶನಿವಾರ ಚೌತಿ, ಹಾಸನದಲ್ಲಿ ರಜೆ. ಮರುದಿನ ಭಾನುವಾರ. ಅಂದರೆ ಬೇಗ ಎಂದರೂ 9, ಸೋಮವಾರ. ಒಂದು ದಿನ ಹೆಚ್ಚು ಹಿಡಿದರೆ 10, ಮಂಗಳವಾರ. ಎರಡು ಊರಿನ ರಜೆಯನ್ನೂ ನೋಡಿ. ಇಲ್ಲಿಯವರು ಓಣಂ ರಜೆ ಮರೆಯುವುದಿಲ್ಲ, ಆದರೆ ಘಟ್ಟದ ಮೇಲಿನ ರಜೆ ತಲೆಗೆ ಹೋಗುವುದಿಲ್ಲ.

ಈ ಲೆಕ್ಕ ಮುಗಿದ ಕೂಡಲೇ, ಅಂದರೆ ಸೋಮವಾರ ಬೆಳಗ್ಗೆಯೇ ಮೆಸೇಜ್ ಹೋಗಬೇಕು. ‘ನೋಡೋಣ, ನೇಕಾರರು ರಾತ್ರಿ ಕೂತು ಮುಗಿಸಿದರೂ ಮುಗಿಸಿದರು’ ಎಂದು ಬುಧವಾರದವರೆಗೆ ಕಾಯಬೇಡಿ. ಸೋಮವಾರ ಗೊತ್ತಾದರೆ ಅಣ್ಣನ ಕೈಯಲ್ಲಿ ಇನ್ನೂ ನಾಲ್ಕು ದಿನ ಇರುತ್ತದೆ. ಮೈಸೂರಿನಲ್ಲೇ ಬೇರೆ ಸೀರೆ ಕೊಳ್ಳಬಹುದು, ತಂಗಿಗೆ ದುಡ್ಡು ಕಳಿಸಬಹುದು. ಗುರುವಾರ ರಾತ್ರಿ ಹೇಳಿದರೆ ಅವರಿಗೆ ಉಳಿಯುವುದು ಸಿಟ್ಟು ಮಾತ್ರ. ಬೇಗ ಹೇಳಿದರೆ ಆರ್ಡರು ಕೈತಪ್ಪಬಹುದು, ನಿಜ. ಅದು ನಿಮ್ಮ ನಷ್ಟ. ಅದನ್ನು ಅವರ ಹಬ್ಬದ ಮೇಲೆ ಹಾಕುವಂತಿಲ್ಲ.

<b>ಮೆಸೇಜ್ ಹೀಗಿರಲಿ</b>

‘ನಮಸ್ತೆ ಸರ್. ನಿಮ್ಮ ತಂಗಿಗೆ ಹೇಳಿದ ಹಸಿರು ಸೀರೆ ಗೌರಿ ಹಬ್ಬಕ್ಕೆ ತಲುಪುವುದಿಲ್ಲ. ಹಾಸನಕ್ಕೆ 9 ಸೋಮವಾರ ಅಥವಾ 10 ಮಂಗಳವಾರ ಬರಬಹುದು. ಬುಧವಾರದೊಳಗೆ ಎಂದು ನಾನು ಮಾತು ಕೊಟ್ಟಿದ್ದೆ. ಮಳೆಗೆ ನೂಲು ಒಣಗಲು ತಡವಾಯಿತು, ಅದನ್ನು ಲೆಕ್ಕಕ್ಕೆ ಹಿಡಿಯದೆ ದಿನ ಹೇಳಿದ್ದು ನನ್ನ ತಪ್ಪು. ಹಬ್ಬದ ದಿನ ಉಡಬೇಕೆಂದೇ ನೀವು ಹೇಳಿದ್ದ ಸೀರೆ ಇದು. ಕ್ಷಮಿಸಿ ಸರ್.

ಈಗ ಹೀಗೆ ಮಾಡಬಹುದು:
1. ತಡವಾದರೂ ಇದೇ ಸೀರೆ ಬರಲಿ. ಕಳಿಸುವ ಖರ್ಚು 120 ರೂಪಾಯಿ ಇವತ್ತೇ ವಾಪಸ್ ಹಾಕುತ್ತೇನೆ.
2. ನೇಯ್ದು ರೆಡಿ ಇರುವ ಬೇರೆ ಸೀರೆ, ಫೋಟೋ ಕೆಳಗಿದೆ. ಬೆಲೆ ಅಷ್ಟೇ. ಇವತ್ತು ಸಂಜೆ ಅಂಚೆಗೆ ಹಾಕಿದರೆ ಗುರುವಾರ ಬರುವ ಸಾಧ್ಯತೆ ಇದೆ, ಗ್ಯಾರಂಟಿ ಕೊಡಲಾರೆ.
3. ಬೇಡ. ಪೂರ್ತಿ 2,520 ರೂಪಾಯಿ ಇವತ್ತೇ ವಾಪಸ್.

1, 2, 3ರಲ್ಲಿ ಒಂದು ನಂಬರ್ ಕಳಿಸಿದರೆ ಸಾಕು. 2 ಆದರೆ ಮಧ್ಯಾಹ್ನ 2 ಗಂಟೆಯೊಳಗೆ ತಿಳಿಸಿ. ನಿಮ್ಮನ್ನು ಕೇಳದೆ ಏನನ್ನೂ ಕಳಿಸುವುದಿಲ್ಲ. ನಿಮ್ಮ ತಂಗಿಗೆ ನಾನು ಏನೂ ತಿಳಿಸಿಲ್ಲ.’

ಇಷ್ಟೇ. ಇದಕ್ಕಿಂತ ಉದ್ದವಾದರೆ ಯಾರೂ ಓದುವುದಿಲ್ಲ. ಮಧ್ಯಾಹ್ನದೊಳಗೆ ಉತ್ತರ ಬಾರದಿದ್ದರೆ ಫೋನ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ನೀಲಿ ಗೆರೆ ಬಂತೆಂದರೆ ಅವರು ಒಪ್ಪಿದರು ಎಂದಲ್ಲ.

<b>ಯಾಕೆ ಈ ಕ್ರಮ?</b>

ಮೊದಲ ಸಾಲಿನಲ್ಲೇ ಕೆಟ್ಟ ಸುದ್ದಿ ಇದೆ. ಫೋನಿನ ಪರದೆಯ ಮೇಲೆ ಮೆಸೇಜ್ ತೆರೆಯುವ ಮೊದಲು ಕಾಣುವುದು ಆ ಒಂದೆರಡು ಸಾಲು ಮಾತ್ರ. ಅಲ್ಲಿ ‘ನಮ್ಮ ಮೇಲೆ ನೀವಿಟ್ಟ ವಿಶ್ವಾಸಕ್ಕೆ ಧನ್ಯವಾದ’ ಎಂದಿದ್ದರೆ ಗಿರಾಕಿ ಅದನ್ನು ಜಾಹೀರಾತು ಎಂದು ಬಿಟ್ಟುಬಿಡುತ್ತಾರೆ. ನೀವು ಹೇಳಿದ್ದೀರಿ, ಅವರು ಓದಿಲ್ಲ. ಆಮೇಲೆ ಯಾರದು ತಪ್ಪು ಎಂಬ ವಾದ.

‘ಆದಷ್ಟು ಬೇಗ’ ಎಂಬ ಮಾತು ಎಲ್ಲೂ ಇಲ್ಲ ನೋಡಿ. ಎರಡು ದಿನದ ಹೆಸರಿದೆ. ಒಂದೇ ದಿನ ಹೇಳಿ ಅದೂ ತಪ್ಪಿದರೆ ಎರಡನೇ ಸಲ ಕ್ಷಮೆ ಕೇಳಬೇಕಾಗುತ್ತದೆ. ಮೊದಲನೆಯದನ್ನು ಜನ ಸಹಿಸುತ್ತಾರೆ, ಎರಡನೆಯದನ್ನು ಸಹಿಸುವುದಿಲ್ಲ.

ಕಾರಣಕ್ಕೆ ಒಂದೇ ವಾಕ್ಯ ಸಾಕು. ನೇಕಾರರ ಮನೆಯ ಕಷ್ಟ, ಕರೆಂಟು ಹೋದದ್ದು, ಓಣಂ ಗಲಾಟೆ ಎಲ್ಲವನ್ನೂ ಬರೆದರೆ ಅದು ಕ್ಷಮೆ ಕೇಳಿದ ಹಾಗಿರುವುದಿಲ್ಲ, ನೆಪ ಹೇಳಿದ ಹಾಗಿರುತ್ತದೆ. ‘ಓಣಂ ಆರ್ಡರ್ ತುಂಬಾ ಇತ್ತು’ ಎಂದು ಮಾತ್ರ ಖಂಡಿತ ಬರೆಯಬೇಡಿ. ಬೇರೆಯವರದ್ದನ್ನು ಮೊದಲು ಮಾಡಿದೆ, ನಿಮ್ಮದನ್ನು ಹಿಂದೆ ಇಟ್ಟೆ ಎಂದೇ ಅದರ ಅರ್ಥ ಅಲ್ವಾ? ಗೌರಿಗೆ ಉಡದಿದ್ದರೆ ದೀಪಾವಳಿಗೆ ಉಡಬಹುದು ಎಂಬ ಸಮಾಧಾನವೂ ಬೇಡ. ಅದನ್ನು ಹೇಳುವ ಹಕ್ಕು ಅಣ್ಣ-ತಂಗಿಯರದು, ಮಾರುವವರದಲ್ಲ.

ತಂಗಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಉಡುಗೊರೆ ಆರ್ಡರಿನಲ್ಲಿ ದುಡ್ಡು ಕೊಟ್ಟವರು ಒಬ್ಬರು, ಪಾರ್ಸೆಲ್ ತೆಗೆದುಕೊಳ್ಳುವವರು ಇನ್ನೊಬ್ಬರು. ವಿಳಾಸದ ಜೊತೆ ತಂಗಿಯ ಫೋನ್ ನಂಬರ್ ನಿಮ್ಮಲ್ಲಿರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ‘ಅಕ್ಕಾ, ನಿಮ್ಮ ಅಣ್ಣ ಹೇಳಿದ ಸೀರೆ ಲೇಟಾಗುತ್ತದೆ’ ಎಂದು ಅವರಿಗೆ ಹಾಕಿದರೆ ಉಡುಗೊರೆಯ ಗುಟ್ಟು ರಟ್ಟಾಯಿತು. ಅಣ್ಣ ಸಮಯಕ್ಕೆ ಕಳಿಸಲಿಲ್ಲ ಎಂಬ ಮಾತೂ ಹುಟ್ಟಿತು. ಯಾರಿಗೆ ಏನು ಹೇಳಬೇಕೆಂದು ದುಡ್ಡು ಕೊಟ್ಟವರೇ ತೀರ್ಮಾನ ಮಾಡಲಿ.

<b>ದುಡ್ಡು ವಾಪಸ್ ಕೊಡಲೇಬೇಕಾ?</b>

ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. ಹೇಳಿದ ದಿನಕ್ಕಿಂತ ತಡವಾಗಿ ವಸ್ತು ತಲುಪಿದರೆ, ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುವವರು ಅದನ್ನು ವಾಪಸ್ ತೆಗೆದುಕೊಳ್ಳಲು ಅಥವಾ ದುಡ್ಡು ಹಿಂತಿರುಗಿಸಲು ಇಲ್ಲ ಎನ್ನುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ. ವರ್ಷಾವರ್ಷ ಬರುವ ಮಳೆಯನ್ನು ಆ ಸಾಲಿಗೆ ಸೇರಿಸುವುದು ಕಷ್ಟ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಹಾಕಿ ಮಾರುವವರೂ ಇದನ್ನೇ ಅಳತೆ ಎಂದಿಟ್ಟುಕೊಳ್ಳುವುದು ಒಳ್ಳೆಯದು. ‘ನೇಯಲು ಕೊಟ್ಟಾಗಿದೆ, ಈಗ ಕ್ಯಾನ್ಸಲ್ ಇಲ್ಲ’ ಎಂಬ ಮಾತು ನೀವು ಹೇಳಿದ ದಿನ ತಪ್ಪಿದ ಮೇಲೆ ನಿಲ್ಲುವುದಿಲ್ಲ. ‘ಮುಂದಿನ ಸೀರೆಗೆ 10 ಪರ್ಸೆಂಟ್ ಕಡಿಮೆ’ ಎನ್ನುವುದೂ ಪರಿಹಾರವಲ್ಲ. ತಡ ಮಾಡಿ, ಇನ್ನೊಂದು ಸೀರೆ ಕೊಳ್ಳಿ ಎಂದಂತಾಯಿತು.

ವಾಪಸ್ ಹಾಕುವಾಗ ಒಂದು ಎಚ್ಚರಿಕೆ. ಹಬ್ಬದ ಸಮಯದಲ್ಲಿ ‘ನಿಮ್ಮ ಆರ್ಡರ್ ಲೇಟಾಗಿದೆ, ರೀಫಂಡಿಗೆ ಈ ಲಿಂಕ್ ಒತ್ತಿ’ ಎಂಬ ಮೋಸದ ಮೆಸೇಜುಗಳೂ ಓಡಾಡುತ್ತವೆ. ನಿಮ್ಮದು ಹಾಗೆ ಕಾಣಬಾರದು. ಲಿಂಕ್ ಬೇಡ, ಕ್ಯೂಆರ್ ಬೇಡ. ಯಾವ ನಂಬರಿನಿಂದ ದುಡ್ಡು ಬಂತೋ ಅದಕ್ಕೇ ಯುಪಿಐನಲ್ಲಿ ಕಳಿಸಿ. ‘ನಿಮ್ಮಿಂದ ಪಿನ್, ಒಟಿಪಿ ಏನೂ ಬೇಕಾಗಿಲ್ಲ’ ಎಂದು ಒಂದು ಸಾಲು ಸೇರಿಸಿ. ದುಡ್ಡು ಬರಲು ಪಿನ್ ಒತ್ತಬೇಕಾಗಿಲ್ಲ ಎಂಬುದು ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ.

<b>ಪಾರ್ಸೆಲ್ ಆಗಲೇ ಹೊರಟಿದ್ದರೆ</b>

ಆಗ ಮೆಸೇಜಿನಲ್ಲಿ ಟ್ರ್ಯಾಕಿಂಗ್ ನಂಬರ್ ಕೊಡಿ. ಆದರೆ ಸುಳ್ಳು ದಿನ ಹೇಳಬೇಡಿ. ಸ್ಪೀಡ್ ಪೋಸ್ಟಿನ ಟ್ರ್ಯಾಕಿಂಗ್‌ನಲ್ಲಿ ಪಾರ್ಸೆಲ್ ಯಾವ ಅಂಚೆ ಕಚೇರಿಯಲ್ಲಿ, ಯಾವತ್ತು ಬುಕ್ ಆಯಿತು ಎಂಬುದು ಕಾಣುತ್ತದೆ. ‘ಮೊನ್ನೆಯೇ ಕಳಿಸಿದ್ದೇನೆ ಸರ್’ ಎಂದು ನೀವು ಹೇಳಿ, ಅಲ್ಲಿ ನಿನ್ನೆಯ ತಾರೀಕು ಇದ್ದರೆ ಮುಂದೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. Item Bagged ಎಂದು ಕಂಡರೆ ಪಾರ್ಸೆಲ್ ಅಂಚೆ ಚೀಲಕ್ಕೆ ಸೇರಿದೆ ಎಂದರ್ಥ, ಹಾಸನಕ್ಕೆ ತಲುಪಿದೆ ಎಂದಲ್ಲ. ಅದನ್ನು ನೋಡಿ ‘ನಾಳೆ ಸಿಗುತ್ತದೆ’ ಎಂದು ಮಾತು ಕೊಡಬೇಡಿ. ಅಂಚೆಯವರನ್ನು ಬಯ್ಯುವುದೂ ಬೇಡ. ಗಿರಾಕಿ ದುಡ್ಡು ಕೊಟ್ಟದ್ದು ನಿಮಗೆ.

<b>ಹಬ್ಬದ ದಿನಕ್ಕೆ ಏನಾದರೂ ಬೇಕಲ್ಲ</b>

ನಮ್ಮ ಅಣ್ಣ 1 ಎಂದು ಉತ್ತರ ಕಳಿಸಿದರು ಎಂದುಕೊಳ್ಳೋಣ. ಶುಕ್ರವಾರ ತಂಗಿಗೆ ತೋರಿಸಲು ಅವರ ಕೈಯಲ್ಲಿ ಏನೂ ಇಲ್ಲ. ಮಗ್ಗದ ಮೇಲಿರುವ ಆ ಸೀರೆಯದ್ದೇ ಒಂದು ಒಳ್ಳೆಯ ಫೋಟೋ ತೆಗೆಸಿ ಅಣ್ಣನಿಗೆ ಕಳಿಸಿ. ಬೆಲೆ, ಅಂಗಡಿ ಹೆಸರು, ಫೋನ್ ನಂಬರ್ ಯಾವುದೂ ಅದರ ಮೇಲೆ ಇರಬಾರದು. ‘ಬೇಕೆನಿಸಿದರೆ ಹಬ್ಬದ ದಿನ ತಂಗಿಗೆ ಕಳಿಸಬಹುದು’ ಎಂದಷ್ಟೇ ಬರೆಯಿರಿ. ಸೀರೆ ಇನ್ನೂ ನೇಯುತ್ತಿದ್ದಾರೆ ಎಂದು ಕಣ್ಣಾರೆ ಕಂಡರೆ, ತಡವಾದದ್ದಕ್ಕೆ ಅಣ್ಣ ಬೇರೆ ವಿವರಣೆ ಕೊಡಬೇಕಾಗಿಲ್ಲ.

ಫೋಟೋ ನಿಜವಾಗಿಯೂ ಆ ಸೀರೆಯದ್ದೇ ಆಗಿರಬೇಕು. ಹಳೆಯ ಆಲ್ಬಮ್ಮಿನಿಂದ ಯಾವುದೋ ಹಸಿರು ಸೀರೆ ಹಾಕಿ, ಮಂಗಳವಾರ ಬೇರೆ ಅಂಚಿನದ್ದು ಹೋದರೆ ಇನ್ನೊಂದು ತಕರಾರು ಶುರುವಾಗುತ್ತದೆ.

ಪ್ಯಾಕ್ ಮಾಡುವಾಗ ಬೆಲೆಯ ಚೀಟಿ ತೆಗೆಯಿರಿ. ಬಿಲ್ಲನ್ನು ಅಣ್ಣನ ವಾಟ್ಸ್ಆ್ಯಪ್‌ಗೆ ಕಳಿಸಿದರೆ ಸಾಕು. ಮೊದಲೇ ‘ಗೌರಿ ಹಬ್ಬದ ಶುಭಾಶಯ’ ಎಂಬ ಕಾರ್ಡ್ ಬರೆದಿಟ್ಟಿದ್ದರೆ ಅದು ಈಗ ಹೋಗಬಾರದು. ಅಣ್ಣನನ್ನು ಕೇಳಿ, ಅವರು ಹೇಳಿದ ಮಾತನ್ನು ಹೊಸ ಕಾರ್ಡಿನಲ್ಲಿ ಬರೆದು ಸೀರೆಯ ಮಡಿಕೆಯೊಳಗೆ ಇಡಿ. ಶುಕ್ರವಾರ ಅಂಚೆಗೆ ಹಾಕಿದ ಮೇಲೆ ನಂಬರ್ ಕಳಿಸಿ. ತಲುಪಿದ ದಿನ ‘ಸಿಕ್ಕಿತಾ ಸರ್?’ ಎಂದು ಒಮ್ಮೆ ಕೇಳಿ. ಸ್ಟಾರ್ ಕೊಡಿ, ರಿವ್ಯೂ ಬರೆಯಿರಿ ಎಂದು ಈ ಆರ್ಡರಿಗೆ ಕೇಳಬೇಡಿ.