ಅಸಿಸ್ಟೆಂಟ್‌ಶಿಪ್ ಪತ್ರವನ್ನು ನಾನು ಓದಿದ ಬಗೆ

ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪ್ರವೇಶದ ಜೊತೆಗೆ ಟೀಚಿಂಗ್ ಅಸಿಸ್ಟೆಂಟ್‌ಶಿಪ್‌ನ, ಅಂದರೆ ಓದುತ್ತಲೇ ಸಂಬಳಕ್ಕೆ ಬೋಧನೆಯ ಕೆಲಸ ಮಾಡುವ ನೇಮಕದ ಪತ್ರ ಬಂದಾಗ ಮನೆಯವರೆಲ್ಲರ ಕಣ್ಣು ಬಿದ್ದದ್ದು 18,900 ಡಾಲರ್ ಸ್ಟೈಪೆಂಡ್ ಎಂಬ ಅಂಕಿಯ ಮೇಲೆ. ಅಪ್ಪ ಅದನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 1,575 ಎಂದು ಹೇಳಿದರು. ಆದರೆ ಪತ್ರದಲ್ಲಿ ನೇಮಕದ ಅವಧಿ ಆಗಸ್ಟ್ 16ರಿಂದ ಮೇ 15ರವರೆಗೆ, ಅಂದರೆ ಒಂಬತ್ತೇ ತಿಂಗಳು ಎಂದಿತ್ತು. ತಿಂಗಳಿಗೆ ಬರುವುದು 2,100 ಡಾಲರ್ ಆದರೂ ಬೇಸಿಗೆಯ ಮೂರು ತಿಂಗಳು ಏನೂ ಬರುವುದಿಲ್ಲ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಲೇಬೇಕು. ಹಾಗಾಗಿ ಮನೆಖರ್ಚಿನ ಲೆಕ್ಕಕ್ಕೆ ಅಪ್ಪ ಬರೆದ ಅಂಕಿಯೇ ಸರಿಯಾಗಿತ್ತು, ಆದರೆ ಅದರಿಂದ ಇನ್ನೂ ಕಳೆಯಬೇಕಾದದ್ದು ಇತ್ತು.

ಕಳೆಯಬೇಕಾದದ್ದು ಏನೆಂಬುದು ಟ್ಯೂಷನ್ ವೇವರ್ ಬಗ್ಗೆ ಬರೆದ ಎರಡೇ ಸಾಲಿನಲ್ಲಿ ಅಡಗಿತ್ತು. ಬೋಧನಾ ಶುಲ್ಕ ಮನ್ನಾ, ಆದರೆ ಕಡ್ಡಾಯ ಶುಲ್ಕಗಳು ಮನ್ನಾ ಅಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಲ್ಲಿ ಟ್ಯೂಷನ್ ಬೇರೆ, ಫೀ ಬೇರೆ. ತಂತ್ರಜ್ಞಾನ, ಆರೋಗ್ಯ ಕೇಂದ್ರ, ವ್ಯಾಯಾಮಶಾಲೆ, ವಿದೇಶಿ ವಿದ್ಯಾರ್ಥಿ ಸೇವೆ ಎಂದು ಬಗೆಬಗೆಯ ಫೀಗಳನ್ನು ಪ್ರತಿ ಸೆಮಿಸ್ಟರ್‌ಗೂ ಹಾಕುತ್ತಾರೆ. ಆ ವಿಶ್ವವಿದ್ಯಾಲಯದ ಶುಲ್ಕಪಟ್ಟಿಯನ್ನು ತೆರೆದು ಕೂಡಿಸಿದಾಗ ಸೆಮಿಸ್ಟರ್‌ಗೆ 950 ಡಾಲರ್, ವರ್ಷಕ್ಕೆ 1,900 ಆಯಿತು. ಆರೋಗ್ಯ ವಿಮೆಯಲ್ಲಿ ನನ್ನ ಪಾಲು ವರ್ಷಕ್ಕೆ 700. ಎರಡನ್ನೂ ಕಳೆದರೆ ಉಳಿಯುವುದು 16,300, ತಿಂಗಳಿಗೆ ಸುಮಾರು 1,358. ತೆರಿಗೆ ಇದರಲ್ಲಿ ಸೇರಿಲ್ಲ. ಸ್ಟೈಪೆಂಡ್ ಎಂದು ಕರೆದರೂ ಅದು ಕೆಲಸಕ್ಕೆ ಕೊಡುವ ಸಂಬಳವಾದ್ದರಿಂದ ಆದಾಯ ತೆರಿಗೆ ಇದ್ದೇ ಇರುತ್ತದೆ. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ 21ನೆಯ ವಿಧಿಯಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದರಿಂದ ಅದರ ಭಾರ ಕಡಿಮೆಯಾಗುತ್ತದೆ.

ಮನ್ನಾದ ಸಾಲಿನಲ್ಲೇ "9 ಕ್ರೆಡಿಟ್‌ವರೆಗೆ" ಎಂಬ ಮಾತೂ ಇತ್ತು. ಓದಿದ್ದೆ, ಆದರೆ ಮನಸ್ಸಿಗೆ ತಂದುಕೊಂಡಿರಲಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಮೂರು ಕ್ರೆಡಿಟ್‌ಗಳ ಮೂರು ವಿಷಯಗಳ ಜೊತೆಗೆ ಒಂದು ಕ್ರೆಡಿಟ್‌ನ ಸೆಮಿನಾರ್ ತೆಗೆದುಕೊಂಡೆ. ಆ ಹತ್ತನೆಯ ಕ್ರೆಡಿಟ್‌ಗೆ ಹೊರರಾಜ್ಯದವರ ದರದಲ್ಲಿ ಬಿಲ್ ಬಂತು. ಕ್ರೆಡಿಟ್ ಬಿಡಲು ಗೊತ್ತುಮಾಡಿದ್ದ ದಿನ ಇನ್ನೂ ಮುಗಿದಿರಲಿಲ್ಲ, ಸೆಮಿನಾರ್ ಬಿಟ್ಟ ಮೇಲೆ ಬಿಲ್ ರದ್ದಾಯಿತು.

ಕೆಲಸದ ಪ್ರಮಾಣವನ್ನು ಪತ್ರದಲ್ಲಿ 0.50 ಎಫ್‌ಟಿಇ, ಅಂದರೆ ಪೂರ್ಣಾವಧಿ ಕೆಲಸದ ಅರ್ಧ ಎಂದು ಬರೆದಿದ್ದರು. ಪೂರ್ಣಾವಧಿ ಕೆಲಸವನ್ನು ವಾರಕ್ಕೆ 40 ಗಂಟೆ ಎಂದು ಹಿಡಿದರೆ ಇದು 20 ಗಂಟೆ. ಕೆಲವು ಪತ್ರಗಳಲ್ಲಿ ಪೂರ್ಣಾವಧಿಯ ದರವನ್ನು ಮೊದಲು ಬರೆದು ಪಕ್ಕದಲ್ಲಿ 50 ಪ್ರತಿಶತ ಎಂದು ನಮೂದಿಸುತ್ತಾರೆ. ಅಂಥ ಪತ್ರದಲ್ಲಿ ಕೈಗೆ ಬರುವುದು ಬರೆದ ಮೊತ್ತದ ಅರ್ಧ ಮಾತ್ರ, ಆದ್ದರಿಂದ ಅಂಕಿಯ ಪಕ್ಕದಲ್ಲೇನಿದೆ ಎಂದು ನೋಡಲೇಬೇಕು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ತರಗತಿಗಳು ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗಿನ ಕೆಲಸಕ್ಕೆ ವಾರಕ್ಕೆ 20 ಗಂಟೆಯೇ ಮಿತಿ. ಹಾಗಾಗಿ ಅಸಿಸ್ಟೆಂಟ್‌ಶಿಪ್ ಒಂದೇ ಆ ಮಿತಿಯನ್ನು ತುಂಬಿಬಿಡುತ್ತದೆ, ಗ್ರಂಥಾಲಯದಲ್ಲೋ ಊಟದ ಹಾಲ್‌ನಲ್ಲೋ ಇನ್ನಷ್ಟು ದುಡಿದು ಕೊರತೆ ತುಂಬಿಕೊಳ್ಳುತ್ತೇನೆ ಎಂದು ಯಾರೂ ಲೆಕ್ಕ ಹಾಕಬಾರದು.

ನಾನು ಅತಿ ಹೆಚ್ಚು ಹೊತ್ತು ಓದಿದ್ದು ಷರತ್ತುಗಳ ಭಾಗವನ್ನು. ಸರಾಸರಿ ಜಿಪಿಎ 3.0ಕ್ಕಿಂತ ಕೆಳಗೆ ಇಳಿಯಬಾರದು, ಪೂರ್ಣಾವಧಿ ವಿದ್ಯಾರ್ಥಿಯಾಗಿಯೇ ಇರಬೇಕು, ಪಾಠ ಮಾಡುವ ಮೊದಲು ಮಾತನಾಡುವ ಇಂಗ್ಲಿಷ್‌ನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬುವು ಅರ್ಥವಾಗುವಂತಿದ್ದವು. ಆದರೆ ಮರುನೇಮಕವು "ಹಣದ ಲಭ್ಯತೆ ಮತ್ತು ತೃಪ್ತಿಕರ ಪ್ರಗತಿಯನ್ನು ಅವಲಂಬಿಸಿದೆ" ಎಂಬ ಸಾಲು ಒಂದೇ ವರ್ಷದ ಭರವಸೆಯೋ ಐದು ವರ್ಷದ್ದೋ ಎಂದು ನನಗೆ ತಿಳಿಯಲಿಲ್ಲ. ನಾನು ವಿಭಾಗದ ಸಂಯೋಜಕಿಗೆ ಬರೆದು ಮೂರು ಪ್ರಶ್ನೆ ಕೇಳಿದೆ: ಸಾಮಾನ್ಯವಾಗಿ ಎಷ್ಟು ವರ್ಷ ಬೆಂಬಲ ಸಿಗುತ್ತದೆ, ಇಂಗ್ಲಿಷ್ ಪರೀಕ್ಷೆಯಲ್ಲಿ ಸೋತರೆ ಅಸಿಸ್ಟೆಂಟ್‌ಶಿಪ್ ಏನಾಗುತ್ತದೆ, ಮೊದಲ ಸಂಬಳ ಯಾವಾಗ ಬರುತ್ತದೆ. ಪ್ರಗತಿ ಸರಿಯಿದ್ದವರಿಗೆ ಐದು ವರ್ಷ, ಪರೀಕ್ಷೆಯಲ್ಲಿ ಸೋತವರಿಗೆ ತರಗತಿಯ ಬದಲು ಉತ್ತರಪತ್ರಿಕೆ ತಿದ್ದುವ ಕೆಲಸ ಎಂದು ಅವರು ಉತ್ತರಿಸಿದರು. ಮೊದಲ ಸಂಬಳ ಸೆಪ್ಟೆಂಬರ್ ಮಧ್ಯದಲ್ಲಿ ಎಂದೂ ತಿಳಿಸಿದರು. ಫೀ ಕಟ್ಟುವ ಕೊನೆಯ ದಿನವಾದರೋ ಆಗಸ್ಟ್ ಕೊನೆಯ ವಾರದಲ್ಲಿತ್ತು. ಬಾಡಿಗೆಯ ಮುಂಗಡ, ಫೀ, ಎರಡು ತಿಂಗಳ ಊಟ ಸೇರಿಸಿ ಸುಮಾರು 3,500 ಡಾಲರ್ ಜೊತೆಗೆ ಒಯ್ಯಲು ಅಪ್ಪ ಆಗಲೇ ವ್ಯವಸ್ಥೆ ಮಾಡಿದರು.

ಪತ್ರಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸಬಹುದಿತ್ತು. ಸ್ನಾತಕೋತ್ತರ ಶಿಕ್ಷಣ ನೀಡುವ ವಿಶ್ವವಿದ್ಯಾಲಯಗಳ ಸಂಘಟನೆಯಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಇಂಥ ಆರ್ಥಿಕ ನೆರವಿಗೆ ಅದಕ್ಕಿಂತ ಮೊದಲೇ ಒಪ್ಪಿಗೆ ಕೊಡಬೇಕೆಂದು ಒತ್ತಾಯಿಸುವಂತಿಲ್ಲ. ಸಂಯೋಜಕಿಯ ಉತ್ತರವನ್ನು ಮುದ್ರಿಸಿ ಪತ್ರದ ಜೊತೆಗೆ ಇಟ್ಟುಕೊಂಡು, ಏಪ್ರಿಲ್ 10ರಂದು ಸಹಿ ಹಾಕಿ ಕಳುಹಿಸಿದೆ.