ಭರಣಿಯಲ್ಲಿ ಎಷ್ಟು ಗೋಳಿ? ನಾನು ಲೆಕ್ಕ ಹಾಕಿದ್ದು ಹೀಗೆ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆ. ಶಾಲೆಯಲ್ಲಿ ಪ್ರತಿ ವರ್ಷ ಆನಂದ ಮೇಳಾವಾ ಆಗುತ್ತಿತ್ತು. ಮಕ್ಕಳೇ ಭೇಳ್, ಕೋಕಮ್ ಶರಬತ್ತು ಮಾರುವ ಜಾತ್ರೆ ಅಂದುಕೊಳ್ಳಿ. ಅದರಲ್ಲಿ ಒಂದು ಸ್ಟಾಲ್‌ನಲ್ಲಿ ದೊಡ್ಡ ಗಾಜಿನ ಭರಣಿ ತುಂಬ ಗೋಳಿ ಇಡುತ್ತಿದ್ದರು. ಗೋಳಿ ಅಂದರೆ ಪೆಪ್ಪರ್‌ಮಿಂಟು, ಇಲ್ಲಿ ಎಲ್ಲರೂ ಹಾಗೇ ಅನ್ನುವುದು. ಐದು ರೂಪಾಯಿ ಕೊಟ್ಟು ಒಂದು ಚೀಟಿಯಲ್ಲಿ ಸಂಖ್ಯೆ ಬರೆಯಬೇಕು. ಹತ್ತಿರದ ಸಂಖ್ಯೆ ಬರೆದವರಿಗೆ ಭರಣಿ ಪೂರ್ತಿ.

ಎಂಟನೇ ಕ್ಲಾಸಿನಲ್ಲಿ ನಾನು 640 ಬರೆದೆ. ಎಣಿಸಿದಾಗ ಇದ್ದದ್ದು 446. ಲೆಕ್ಕ ಮಾಡಿಯೇ ಬರೆದಿದ್ದೆ, ಸುಮ್ನೆ ಊಹೆ ಅಲ್ಲ. ಅದಕ್ಕೇ ಜಾಸ್ತಿ ಬೇಜಾರಾಯಿತು. ಎಲ್ಲಿ ತಪ್ಪಿತು ಅಂತ ಆ ವರ್ಷವೆಲ್ಲ ತಲೆಯಲ್ಲಿ ಕೊರೆಯುತ್ತಿತ್ತು.

ಮೊದಲ ತಪ್ಪು ಶೇಕಡಾ 74. ಗುಂಡಗಿನ ವಸ್ತುಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಜಾಗದ ಸುಮಾರು ನೂರಕ್ಕೆ 74 ಭಾಗ ಮಾತ್ರ ತುಂಬುತ್ತದೆ, ಉಳಿದದ್ದು ಸಂದುಗಳು. ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ಇದನ್ನು ಊಹಿಸಿದ್ದ, 1998ರಲ್ಲಿ ಥಾಮಸ್ ಹೇಲ್ಸ್ ಎಂಬ ಗಣಿತಜ್ಞ ಅದು ನಿಜ ಅಂತ ಸಾಧಿಸಿ ತೋರಿಸಿದರು. ಇದನ್ನು ಓದಿ ನಾನು 74 ಅಂತಲೇ ಹಾಕಿದ್ದೆ. ಆದರೆ ಅದು ಹಣ್ಣಿನ ಗಾಡಿಯವನು ಕಿತ್ತಳೆ ಪೇರಿಸುವ ಹಾಗೆ, ಒಂದೊಂದನ್ನೂ ಕೈಯಿಂದ ಕೆಳಗಿನ ಹಣ್ಣುಗಳ ನಡುವಿನ ತಗ್ಗಿನಲ್ಲಿ ಕೂರಿಸಿದರೆ ಸಿಗುವ ಸಂಖ್ಯೆ. ಭರಣಿಗೆ ಗೋಳಿಗಳನ್ನು ಯಾರೂ ಹಾಗೆ ಜೋಡಿಸುವುದಿಲ್ಲ, ಚೀಲದಿಂದ ದಬದಬ ಸುರಿಯುತ್ತಾರೆ, ಅಲ್ವಾ?

ಸುರಿದರೆ ಎಷ್ಟು? ಒಂಬತ್ತನೇ ಕ್ಲಾಸಿನ ಮೇಳಾವಾಕ್ಕೆ ಒಂದು ವಾರ ಮುಂಚೆ ಅಡುಗೆಮನೆಯಲ್ಲಿ ಕೂತೆ. ತಮ್ಮನ ಚೀಲದಲ್ಲಿ ಆಡುವ ಗೋಲಿಗಳಿದ್ದವು. ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಕಂಠದವರೆಗೆ ನೀರು ಹಿಡಿಸಿ ಅಳೆದೆ, ಅರ್ಧ ಲೀಟರ್ ಬಂತು. ಆಮೇಲೆ ಡಬ್ಬಿ ಒರೆಸಿ ಅದರ ತುಂಬ ಗೋಲಿ ಸುರಿದು, ಅಳತೆಯ ಲೋಟದಿಂದ ಮೆಲ್ಲಗೆ ನೀರು ಹಾಕುತ್ತ ಹೋದೆ. ಅಜ್ಜಿ ಧಾರವಾಡದವರು, ಬಾಗಿಲಲ್ಲಿ ನಿಂತು ನೋಡಿ "ಏನವ್ವಾ, ಗೋಲಿಗೆ ಅಭಿಷೇಕಾ ಮಾಡಾಕತ್ತಿ ಏನ?" ಅಂದರು. ಹಿಡಿದದ್ದು 210 ಮಿಲಿ. ಅಂದರೆ 500ರಲ್ಲಿ 210 ಸಂದು, 290 ಗೋಲಿ. ನೂರಕ್ಕೆ 58.

ಇದು ನನ್ನ ಡಬ್ಬಿಯ ವಿಚಿತ್ರ ಏನೂ ಅಲ್ಲ. 1960ರಲ್ಲಿ ಸ್ಕಾಟ್ ಎಂಬ ವಿಜ್ಞಾನಿ ಉಕ್ಕಿನ ಗುಂಡುಗಳನ್ನು ಇಟ್ಟುಕೊಂಡು ಇದನ್ನೇ ಅಳೆದಿದ್ದರು. ಸುಮ್ಮನೆ ಸುರಿದರೆ ಸುಮಾರು 60, ಚೆನ್ನಾಗಿ ಅಲುಗಾಡಿಸಿದರೆ 64 ಬಂತು. ಆದರೆ ಅದು ಪಾತ್ರೆಯ ಗೋಡೆಯ ಪ್ರಭಾವ ಕಳೆದು ಹೇಳಿದ ಲೆಕ್ಕ. ನೆಟ್ಟಗಿರುವ ಗೋಡೆಗೆ ಗುಂಡು ಅಂಟಿಕೊಂಡು ಕೂರಲಾರದು, ಅಂಚಿನಲ್ಲಿ ಖಾಲಿ ಜಾಗ ಜಾಸ್ತಿ ಉಳಿಯುತ್ತದೆ. ಪಾತ್ರೆಯ ಅಗಲದಲ್ಲಿ ಆರೇಳು ಗುಂಡುಗಳಷ್ಟೇ ಹಿಡಿಯುವಂತಿದ್ದರೆ ಸಂಖ್ಯೆ 58ರ ಹತ್ತಿರಕ್ಕೆ ಇಳಿಯುತ್ತದೆ. ಪೆಪ್ಪರ್‌ಮಿಂಟಿನ ಭರಣಿಯೂ ಹೆಚ್ಚುಕಡಿಮೆ ಅಷ್ಟೇ ಅಗಲ.

ಎರಡನೇ ತಪ್ಪು ಗಾಜಿನದು. ಹಿಂದಿನ ವರ್ಷ ಭರಣಿಯ ಹೊರಗಿನ ಅಳತೆಯನ್ನೇ ಹಿಡಿದಿದ್ದೆ. ದಪ್ಪ ಗಾಜಿನ ಭರಣಿಯನ್ನು ಪಕ್ಕದಿಂದ ನೋಡಿ, ಒಳಗಿರುವುದು ಹೊರ ಅಂಚಿನವರೆಗೂ ತುಂಬಿಕೊಂಡ ಹಾಗೆ ಕಾಣುತ್ತದೆ, ಗಾಜಿನ ದಪ್ಪ ಕಣ್ಣಿಗೆ ಬೀಳುವುದೇ ಇಲ್ಲ. ದುಂಡನೆಯ ಗಾಜು ಬೆಳಕನ್ನು ಬಾಗಿಸುವುದರಿಂದ ಹೀಗಾಗುತ್ತದೆ. ದಪ್ಪ ತಿಳಿಯಬೇಕಾದರೆ ಮೇಲಿನಿಂದ ಬಾಯಿಯ ಅಂಚನ್ನೇ ನೋಡಬೇಕು.

ಮೇಳಾವಾದ ದಿನ ಭರಣಿಯನ್ನು ಎತ್ತುವ ಹಾಗಿರಲಿಲ್ಲ, ಮುಟ್ಟಬಹುದಿತ್ತು. ನಾನು ಜಡೆಯ ರಿಬ್ಬನ್ ಬಿಚ್ಚಿ ಅದರ ಸುತ್ತ ಒಂದು ಸುತ್ತು ಹಾಕಿ, ಬೆರಳಿಂದ ಹಿಡಿದುಕೊಂಡು ಅಡಿಪಟ್ಟಿಯ ಮೇಲೆ ಎರಡು ಸಲ ಇಟ್ಟು ಅಳೆದೆ. 44 ಸೆಂಟಿಮೀಟರ್. ಪೈನಿಂದ ಭಾಗಿಸಿದರೆ ಅಡ್ಡಳತೆ 14. ಬಾಯಿಯ ಅಂಚಿನಲ್ಲಿ ಗಾಜು 4 ಮಿಲಿಮೀಟರ್, ಎರಡೂ ಕಡೆ ಕಳೆದರೆ ಒಳಗೆ 13.2. ಎತ್ತರವನ್ನು ಮೇಜಿನಿಂದ ಅಳೆಯಲಿಲ್ಲ, ತಳದ ಗಾಜು ಬಹಳ ದಪ್ಪ. ಎಲ್ಲಕ್ಕಿಂತ ಕೆಳಗಿನ ಗೋಳಿ ಕೂತ ಜಾಗದಿಂದ ಮೇಲಿನ ಪದರದವರೆಗೆ ಅಳೆದೆ, 19. ಒಟ್ಟು ಜಾಗ ಸುಮಾರು 2,600 ಘನ ಸೆಂಟಿಮೀಟರ್.

ಇನ್ನು ಗೋಳಿಯ ಅಳತೆ. ಇಲ್ಲಿ ಕೈ ಜಾರಿದರೆ ಉಳಿದದ್ದೆಲ್ಲ ವ್ಯರ್ಥ, ಯಾಕಂದರೆ ಗಾತ್ರ ಬರುವುದು ಅಡ್ಡಳತೆಯ ಘನದಿಂದ. 1.8 ಸೆಂಟಿಮೀಟರ್ ಇರುವುದನ್ನು 2 ಅಂತ ಓದಿದರೆ ಒಂದೊಂದು ಗೋಳಿಯೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದೊಡ್ಡದಾಗಿಬಿಡುತ್ತದೆ, ಒಟ್ಟು ಎಣಿಕೆಯಲ್ಲಿ ನೂರಕ್ಕಿಂತ ಜಾಸ್ತಿ ಗೋಳಿ ಕಡಿಮೆ ಬರುತ್ತವೆ. ಒಂದೇ ಗೋಳಿಯನ್ನು ಅಡಿಪಟ್ಟಿಯ ಮೇಲಿಟ್ಟು ಸರಿಯಾಗಿ ಓದುವುದು ಕಷ್ಟ, ಅದು ಉರುಳುತ್ತದೆ, ಅಂಚು ಎಲ್ಲಿದೆ ತಿಳಿಯುವುದಿಲ್ಲ. ಅದಕ್ಕೆ ಅದೇ ಸ್ಟಾಲ್‌ನಲ್ಲಿ ಬಿಡಿಯಾಗಿ ಮಾರುತ್ತಿದ್ದ ಅದೇ ಗೋಳಿ ಹತ್ತು ಕೊಂಡು, ನೋಟ್‌ಬುಕ್ ಬಿಚ್ಚಿ ನಡುವಿನ ಸಂದಿಯಲ್ಲಿ ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟೆ. ಹತ್ತಕ್ಕೆ 18 ಸೆಂಟಿಮೀಟರ್. ಈಗ ಓದುವಾಗ ಒಂದು ಮಿಲಿಮೀಟರ್ ತಪ್ಪಿದರೂ ಒಂದು ಗೋಳಿಗೆ ಬರುವುದು ಅದರ ಹತ್ತನೇ ಒಂದು ಭಾಗ. ಒಂದು ಗೋಳಿಯ ಗಾತ್ರ 3.05 ಘನ ಸೆಂಟಿಮೀಟರ್.

2,600ರ ನೂರಕ್ಕೆ 58 ಅಂದರೆ 1,508. ಅದನ್ನು 3.05ರಿಂದ ಭಾಗಿಸಿ ಚೀಟಿಯಲ್ಲಿ 494 ಬರೆದೆ. ಸ್ಟಾಲ್‌ನ ಹುಡುಗಿ ಚೀಟಿ ನೋಡಿ, ಇಷ್ಟು ಕಮ್ಮಿನಾ, ಎಲ್ಲರೂ ಏಳುನೂರು ಎಂಟುನೂರು ಅಂತಿದ್ದಾರೆ ಅಂದಳು. ಒಂದು ಕ್ಷಣ ಕೈ ನಡುಗಿತು. ಬದಲಿಸಲಿಲ್ಲ.

ಈ ಲೆಕ್ಕ ಎಲ್ಲ ಭರಣಿಗೂ ನಡೆಯುವುದಿಲ್ಲ. ಜೆಮ್ಸ್ ತರಹದ ಚಪ್ಪಟೆ ಗೋಳಿಯಾದರೆ ಅವು ಓರೆಯಾಗಿ ಹೊರಳಿ ಸಂದುಗಳಲ್ಲಿ ಇನ್ನೂ ಚೆನ್ನಾಗಿ ಕೂರುತ್ತವೆ. ಅಲುಗಾಡಿಸಿದ ಗುಂಡು ಗೋಳಿ 64 ತುಂಬಿದರೆ ಅವು 68ರವರೆಗೆ ಹೋಗುತ್ತವೆ. ಎರಡು ಕಡೆ ತಿರುಚಿದ ಕಾಗದದ ಪೆಪ್ಪರ್‌ಮಿಂಟು ಇದ್ದರೆ ಇದ್ಯಾವುದೂ ಬೇಡವೇ ಬೇಡ, ಆ ಕಾಗದದ ಕಿವಿಗಳು ಎಷ್ಟು ಜಾಗ ತಿನ್ನುತ್ತವೆ ಅಂತ ಲೆಕ್ಕದಲ್ಲಿ ಸಿಗುವುದಿಲ್ಲ. ಅದೇ ಪೆಪ್ಪರ್‌ಮಿಂಟನ್ನು ಅಳತೆ ಗೊತ್ತಿರುವ ಒಂದು ದೊಡ್ಡ ಡಬ್ಬಿಗೆ ಸುರಿದು ಎಣಿಸಿ, ಭರಣಿಯಲ್ಲಿ ಅಂಥ ಎಷ್ಟು ಡಬ್ಬಿ ಹಿಡಿಯುತ್ತದೆ ನೋಡಿ ಗುಣಿಸುವುದೇ ಸರಿ.

ಸಂಜೆ ಪೇಪರ್ ಹಾಸಿ ಹತ್ತು ಹತ್ತರ ಗುಡ್ಡೆ ಮಾಡಿ ಎಣಿಸಿದರು. 48 ಗುಡ್ಡೆ, ಮೇಲೆ ಏಳು. 487! ನನಗಿಂತ ಹತ್ತಿರ ಯಾರೂ ಇರಲಿಲ್ಲ. ಅಪ್ಪ ಸ್ಕೂಟರಿನ ಮುಂದೆ ಭರಣಿ ಇಟ್ಟುಕೊಂಡು ಮನೆಗೆ ತಂದರು.

ನನ್ನ ಲೆಕ್ಕದಲ್ಲಿ ಏಳು ಯಾಕೆ ಜಾಸ್ತಿ ಬಂತು ಅನ್ನುವುದು ನನಗೆ ಬಿಡಲಿಲ್ಲ. ಅವರು ಅಲುಗಾಡಿಸದೆ ತುಂಬಿದ್ದರೇನೋ ಅನ್ನಿಸಿತು. ಅಷ್ಟೂ ಗೋಳಿಗಳನ್ನು ಮನೆಯಲ್ಲಿ ಮತ್ತೆ ಭರಣಿಗೆ ಸುರಿದೆ. ಮೊದಲಿನ ಮಟ್ಟಕ್ಕೇ ಬಂತು, 19. ಮಡಚಿದ ಟವೆಲ್ ಮೇಲಿಟ್ಟು ಐದು ನಿಮಿಷ ಮೆಲ್ಲಗೆ ಕುಕ್ಕಿದೆ. ಮಟ್ಟ 18ಕ್ಕೆ ಇಳಿಯಿತು. ಗೋಳಿ ಅಷ್ಟೇ, ನೂರಕ್ಕೆ 57 ಇದ್ದದ್ದು 60 ಆಗಿತ್ತು. ಮೇಲೆ ಖಾಲಿಯಾದ ಆ ಒಂದು ಸೆಂಟಿಮೀಟರ್ ಜಾಗವನ್ನು ಅಜ್ಜಿಗೆ ತೋರಿಸಿದೆ. "ನಾ ಒಂದೂ ಮುಟ್ಟಿಲ್ಲವ್ವಾ" ಅಂದರು.