ಪೇಂಟ್‌ಬಾಲ್ ಆಡೋಕೆ ಹೋದ್ರೆ ಮಧ್ಯಾಹ್ನ ಇನ್ನೊಂದು ಸಲ ವೇಗ ಅಳೆಸಿ

ಬೆಂಗಳೂರಿನ ಹೊರಗೆ ಪೇಂಟ್‌ಬಾಲ್ ಆಡೋಕೆ ಹೋಗುವವರಿಗೆ ಒಂದು ಮಾತು. ಬಣ್ಣದ ಗುಂಡು ಹಾರಿಸುವ ನಿಮ್ಮ ಗನ್, ಅಂದರೆ ಮಾರ್ಕರ್, ಸಿಒ2 ಸಿಲಿಂಡರಿನದಾದರೆ, ಬೆಳಿಗ್ಗೆ ಗುಂಡಿನ ವೇಗ ಅಳೆಯುವ ಕ್ರೊನೋಗ್ರಾಫ್‌ನಲ್ಲಿ ನೋಡಿದ್ದು ಸಾಲದು, ಬಿಸಿಲೇರಿದ ಮೇಲೆ ಮತ್ತೆ ನೋಡಿಸಿ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ತಳ್ಳಿದ ಹ್ಯಾಮರ್ ಮುಂದಕ್ಕೆ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಅದರ ಜೊತೆಗೇ ಬೋಲ್ಟ್ ಗುಂಡನ್ನು ಬ್ಯಾರೆಲ್‌ಗೆ ತಳ್ಳಿ ಹಿಂದಿನ ದಾರಿ ಮುಚ್ಚುತ್ತದೆ. ವಾಲ್ವ್ ತೆರೆದ ಆ ಕ್ಷಣ ನುಗ್ಗಿದ ಗ್ಯಾಸ್ ಗುಂಡನ್ನು ಹಾರಿಸುತ್ತದೆ. ಸಿಲಿಂಡರ್ 20 ಡಿಗ್ರಿಯಲ್ಲಿದ್ದಾಗ ಒಳಗಿನ ಒತ್ತಡ ಸುಮಾರು 57 ಬಾರ್, 30 ಡಿಗ್ರಿಗೆ ಹತ್ತಿರಹತ್ತಿರ 72. ಹಾಗಾಗಿ ಬೆಳಿಗ್ಗೆ ಸೆಕೆಂಡಿಗೆ 280 ಅಡಿ ಇದ್ದದ್ದು ಮಧ್ಯಾಹ್ನ ಸಾಮಾನ್ಯ ಮಿತಿಯಾದ 300 ದಾಟಿಬಿಡಬಹುದು. ಮಿತಿ ಸುಮ್ನೆ ಇಟ್ಟದ್ದಲ್ಲ. ಮಾಸ್ಕಿನ ಗಾಜನ್ನು ಆ ಲೆಕ್ಕದಲ್ಲೇ ಪರೀಕ್ಷಿಸಿರುತ್ತಾರೆ. 3 ಗ್ರಾಂ ಗುಂಡು 300 ಅಡಿಯಲ್ಲಿ ಹೋದರೆ ಪೆಟ್ಟಿನ ಶಕ್ತಿ ಸುಮಾರು 12.5 ಜೂಲ್, 330ರಲ್ಲಿ 15. ವೇಗ ಹತ್ತು ಪರ್ಸೆಂಟ್ ಜಾಸ್ತಿಯಾದರೆ ಪೆಟ್ಟು ಇಪ್ಪತ್ತೊಂದು ಪರ್ಸೆಂಟ್ ಜಾಸ್ತಿ! ಒಂದು ಎಚ್ಚರ: ಪಟಪಟ ಅಂತ ಹೊಡೆದ ಕೂಡಲೇ ಅಳೆಯಬೇಡಿ. ಗ್ಯಾಸ್ ಬೇಗ ಖಾಲಿಯಾದಾಗ ಸಿಲಿಂಡರ್ ತಣ್ಣಗಾಗಿ ಒತ್ತಡ ಇಳಿದಿರುತ್ತದೆ, ಕ್ರೊನೋಗ್ರಾಫ್ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಸಿಲಿಂಡರ್ ಕೈಗೆ ತಣ್ಣಗೆ ಹತ್ತದಷ್ಟು ಹೊತ್ತು ಬಿಟ್ಟು, ನಾಲ್ಕೈದು ಗುಂಡು ಹೊಡೆದು, ಬಂದದ್ದರಲ್ಲಿ ದೊಡ್ಡ ಅಂಕಿಯನ್ನೇ ಲೆಕ್ಕಕ್ಕಿಡಿ. ವೇಗ ಹೊಂದಿಸುವ ಸ್ಕ್ರೂ ತಿರುಗಿಸುವ ಕೆಲಸ ಮೈದಾನದವರಿಗೇ ಬಿಡಿ, ಯಾವ ಕಡೆ ತಿರುಗಿಸಿದರೆ ವೇಗ ಇಳಿಯುತ್ತದೆ ಅನ್ನೋದು ಮಾಡೆಲ್ ಮೇಲೆ ಹೋಗುತ್ತದೆ. ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಇರುವ ಗಾಳಿ ಟ್ಯಾಂಕ್ ಆದರೆ ಬಿಸಿಲಿನ ಈ ತಲೆನೋವು ಅಷ್ಟಾಗಿ ಇರಲ್ಲ.